ಕೂಸಿಗೆ ಹಾಲು ಒಗ್ಗದಿರುವುದು: ಹಾಲಿನ ಸಕ್ಕರೆ ಕಾರಣವೋ, ಸಸಾರಜನಕ ಕಾರಣವೋ?

ಹಸುಗೂಸು ಹಾಲು ಕುಡಿದ ಮೇಲೆ ಭೇದಿಮಾಡಿಕೊಂಡರೂ, ಕಕ್ಕಿಕೊಂಡರೂ, ಮೈಮೇಲೆ ದದ್ದುಗಳೆದ್ದರೂ, ಹೊಟ್ಟೆಯುಬ್ಬರದಿಂದ ರಚ್ಚೆ ಹಿಡಿದರೂ “ಇದಕ್ಕೆ ಹಾಲು ಒಗ್ಗದು” ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನಮ್ಮ ಮನೆಗಳ ವಾಡಿಕೆ. ಈಚೆಗೆ ಇದರೊಡನೆ ‘ಲ್ಯಾಕ್ಟೋಸ್’ ಎಂಬ ಶಬ್ದವೂ ಬಳಕೆಗೆ ಬಂದಿದೆ. ಹಾಲಿನಿಂದಾದ ಉಪದ್ರವಗಳೆಲ್ಲಕ್ಕೂ ಆ ಒಂದು ಹೆಸರನ್ನೇ ಇಡುವವರು ವಿದ್ಯಾವಂತರಲ್ಲಿಯೂ ಅನೇಕರಿದ್ದಾರೆ. ಆದರೆ ಹಾಲು ಒಗ್ಗದಿರುವುದರಲ್ಲಿ ಎರಡು ಬಗೆಗಳುಂಟು. ಅವು ಹುಟ್ಟುವ ಕಾರಣ ಬೇರೆ, ತೋರುವ ರೀತಿ ಬೇರೆ; ಒಂದಕ್ಕೆ ಹಿತವಾದ ಉಪಾಯ ಇನ್ನೊಂದಕ್ಕೆ ಅಹಿತವಾಗುವುದೂ ಉಂಟು.

ಹಾಲಿನಲ್ಲಿ ಸಹಜವಾಗಿಯೇ ಇರುವ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು; ಇದನ್ನು ಹಾಲುಸಕ್ಕರೆಯೆಂದು ಕರೆಯೋಣ. ಇದು ಇದ್ದ ಹಾಗೆಯೇ ರಕ್ತಕ್ಕೆ ಸೇರಲಾರದು. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಎದ್ದುಕೊಂಡಿರುವ ಸೂಕ್ಷ್ಮ ಕುಚ್ಚುಗಳಿವೆ. ಅವುಗಳ ತುದಿಯಲ್ಲಿ ‘ಲ್ಯಾಕ್ಟೇಸ್’ ಎಂಬ ಪಾಚಕವಸ್ತುವಿದ್ದು, ಅದು ಹಾಲುಸಕ್ಕರೆಯನ್ನು ಎರಡಾಗಿ ಒಡೆದ ಬಳಿಕವೇ ಅದು ಮೈಗೆ ಹತ್ತುತ್ತದೆ. ಲ್ಯಾಕ್ಟೇಸ್ ಸಾಲದಾದಾಗ ಸಕ್ಕರೆಯು ಒಡೆಯದೆ ಮುಂದಕ್ಕೆ ಸಾಗಿ, ಕರುಳಿನೊಳಕ್ಕೆ ನೀರನ್ನು ಸೆಳೆದುಕೊಳ್ಳುತ್ತದೆ; ದೊಡ್ಡ ಕರುಳನ್ನು ಸೇರಿದ ಮೇಲೆ ಅಲ್ಲಿಯ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ಹುಳಿತು ವಾಯುವನ್ನು ಹುಟ್ಟಿಸುತ್ತದೆ. ಆದಕಾರಣ ನೀರುನೀರಾದ, ನೊರೆನೊರೆಯಾದ, ಹುಳಿವಾಸನೆಯ ಮಲ. ಗುಡುಗುಡುಗುಟ್ಟುವ, ಉಬ್ಬಿದ ಹೊಟ್ಟೆ. ಆ ಹುಳಿ ತಗುಲಿ ಕೆಂಪಾಗಿ ಸುಲಿದ ಆಸನ. ಇದೇ ಲ್ಯಾಕ್ಟೋಸ್ ಒಗ್ಗದಿರುವುದರ ಲಕ್ಷಣ. ಇದು ಕೇವಲ ಜೀರ್ಣಶಕ್ತಿಯ ಕೊರತೆ. ಇದರಲ್ಲಿ ಮೈಮೇಲೆ ಗಂಧೆ ಏಳುವುದಿಲ್ಲ, ತುಟಿ ಬಾಯುವುದಿಲ್ಲ, ಮಲದಲ್ಲಿ ರಕ್ತ ಬೀಳುವುದಿಲ್ಲ.

ಎರಡನೆಯದು ಹಸುವಿನ ಹಾಲಿನ ಸಸಾರಜನಕದಿಂದಾಗುವ ಅಲರ್ಜಿ. ಹಾಲು ಒಡೆದಾಗ ಗರಣೆಗಟ್ಟುವ ಕೇಸೀನ್, ಮೇಲೆ ನಿಲ್ಲುವ ತಿಳಿನೀರಿನಲ್ಲಿರುವ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್, ಈ ಎರಡು ಇದರಲ್ಲಿ ಮುಖ್ಯವಾದುವು. ಎರಡನೆಯದನ್ನು ತಾಯಿಯ ದೇಹವು ತನ್ನ ಹಾಲಿಗಾಗಿ ಉತ್ಪತ್ತಿಮಾಡುವುದೇ ಇಲ್ಲ. ಕೂಸಿನ ಶರೀರದ ರಕ್ಷಣಾಶಕ್ತಿಯು ಈ ಪರಕೀಯ ವಸ್ತುವನ್ನು ಶತ್ರುವೆಂದು ಭ್ರಮಿಸಿ ಅದರ ಮೇಲೆ ಬೀಳುವುದೇ ಅಲರ್ಜಿ. ಹೋರಾಟವು ಕರುಳಿನಲ್ಲಿ ನಡೆದರೆ ವಾಂತಿ, ಲೋಳೆ, ರಕ್ತ. ಚರ್ಮದಲ್ಲಿ ನಡೆದರೆ ಗಂಧೆ, ಇಸಬು. ಉಸಿರಿನ ಮಾರ್ಗದಲ್ಲಿ ನಡೆದರೆ ಕೆಮ್ಮು, ಉಬ್ಬಸ. ಪ್ರಮಾಣದಲ್ಲಿಯೂ ವ್ಯತ್ಯಾಸವುಂಟು. ಹಾಲುಸಕ್ಕರೆಯ ತೊಂದರೆಯು ಕುಡಿದಷ್ಟಕ್ಕೆ ತಕ್ಕಂತೆ ಹೆಚ್ಚುತ್ತದೆ, ಕಡಮೆಯಾಗುತ್ತದೆ; ಅಲರ್ಜಿಗೆ ಕೆಲವು ವೇಳೆ ಒಂದು ತೊಟ್ಟೇ ಸಾಕು.

ಈಗ ಗೃಹಸ್ಥರು ಮುಖ್ಯವಾಗಿ ನೆನಪಿನಲ್ಲಿಡಬೇಕಾದ ಒಂದು ಲೆಕ್ಕವಿದೆ. 100 ಮಿಲಿಲೀಟರು ಮೊಲೆಹಾಲಿನಲ್ಲಿ ಸುಮಾರು 7 ಗ್ರಾಂ ಹಾಲುಸಕ್ಕರೆಯಿದೆ. ಅಷ್ಟೇ ಹಸುವಿನ ಹಾಲಿನಲ್ಲಿರುವುದು 5 ಗ್ರಾಮಿಗಿಂತಲೂ ಕಡಮೆ. ಸಸಾರಜನಕದ ವಿಷಯದಲ್ಲಿ ಇದು ತಿರುಗುಮುರುಗು: ಮೊಲೆಹಾಲಿನಲ್ಲಿ ಸುಮಾರು 1 ಗ್ರಾಂ, ಹಸುವಿನ ಹಾಲಿನಲ್ಲಿ ಅದರ ಮೂರರಷ್ಟು. ತಾಯಿಯ ಹಾಲನ್ನು ಕುಡಿದು ಸುಖವಾಗಿ ಬೆಳೆಯುತ್ತಿದ್ದ ಕೂಸು ಹಸುವಿನ ಹಾಲು ತಗುಲಿದೊಡನೆ ಕಾಯಿಲೆಬಿದ್ದರೆ, ಹೆಚ್ಚಿನ ಸಕ್ಕರೆಯನ್ನು ಜೀರ್ಣಿಸಿಕೊಂಡ ಕರುಳು ಕಡಮೆ ಸಕ್ಕರೆಗೆ ಸೋತಿತೆಂಬುದು ಹೇಗೆ ಹೊಂದೀತು? ಅಲ್ಲಿ ಸಂಶಯವು ಸಸಾರಜನಕದ ಮೇಲೆಯೇ ಹೋಗತಕ್ಕದ್ದು.

“ಅದರ ತಂದೆಗೂ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ, ಮಗುವಿಗೂ ಅದೇ ಬಂದಿದೆ” ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ತಂದೆಯ ವಿಷಯದಲ್ಲಿ ಅದು ನಿಜವಿರಬಹುದು. ಮೊಲೆ ಬಿಟ್ಟು ಕೆಲವು ವರ್ಷಗಳಾದ ಮೇಲೆ ಲ್ಯಾಕ್ಟೇಸ್ ಕ್ರಮವಾಗಿ ಕುಗ್ಗುವುದು ಮನುಷ್ಯಜಾತಿಯಲ್ಲಿ ಬಹುಮಂದಿಗೆ ಸಹಜ. ದಕ್ಷಿಣ ಭಾರತದ ಪ್ರಾಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೀಗಿರುವವರೇ. ಆದರೆ ಈ ಇಳಿತವು ಎಳೆಗೂಸಿನಲ್ಲಿ ಆರಂಭವಾಗುವುದಿಲ್ಲ. ಹುಟ್ಟುವಾಗಲೇ ಲ್ಯಾಕ್ಟೇಸ್ ಇಲ್ಲದಿರುವ ಕಾಯಿಲೆಯೊಂದು ಇದೆ. ಅದು ಅತಿ ವಿರಳ. ಫಿನ್ಲೆಂಡ್ ದೇಶದಲ್ಲಿ ಮಾತ್ರ ಸ್ವಲ್ಪ ಹೆಚ್ಚಾಗಿ ಕಾಣುವುದಾದರೂ ಅಲ್ಲಿ ಸಹ ಸುಮಾರು 60,000 ಜನನಗಳಿಗೆ ಒಂದು. ಅಂಥ ಕೂಸು ತಾಯಿಯ ಹಾಲನ್ನು ಕುಡಿದ ಮೊದಲ ದಿನಗಳಿಂದಲೇ ನೀರಿನಂತೆ ಭೇದಿಯಾಗಿ ಬಾಡಿಹೋಗುತ್ತದೆ. ಎರಡು ತಿಂಗಳು ದುಂಡಗೆ ಬೆಳೆದ ಮಗುವಿಗೆ ಆ ಹೆಸರನ್ನು ಇಡುವಂತೆಯೇ ಇಲ್ಲ.

ಈ ವಿವೇಚನೆಯು ಮನೆಯಲ್ಲಿ ಹೇಗೆ ಉಪಯೋಗಕ್ಕೆ ಬರುವುದೆಂಬುದನ್ನು ತೋರಿಸಲು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಇಂಥವು ಮಕ್ಕಳ ವೈದ್ಯರು ಕಂಡು ಬಲ್ಲ ಸಂಗತಿಗಳೇ. ಮೂರು ಕಿಲೋ ತೂಕವಿದ್ದು ಹುಟ್ಟಿದ ಹೆಣ್ಣುಕೂಸು. ತಾಯಿಯ ಹಾಲಲ್ಲದೆ ಬೇರೇನನ್ನೂ ಕಾಣದು. ಆರನೆಯ ವಾರದಲ್ಲಿ ನಾಲ್ಕು ಕಿಲೋ ಮೀರಿ, ಮುಖ ನೋಡಿ ನಗಲು ಕಲಿತಿದೆ. ಅಷ್ಟರಲ್ಲಿ ಒಂದು ದಿನ ಬಟ್ಟೆ ಬದಲಾಯಿಸುವಾಗ ಮಲದಲ್ಲಿ ಲೋಳೆಯೂ ಅದರ ನಡುವೆ ದಾರದೆಳೆಯಂತೆ ರಕ್ತವೂ ಕಂಡಿತು. ಮರುದಿನವೂ ಹಾಗೆಯೇ. ಜ್ವರವಿಲ್ಲ, ಹಾಲು ಕುಡಿಯುವುದು ನಿಂತಿಲ್ಲ, ಆಟಕ್ಕೂ ಕೊರತೆಯಿಲ್ಲ.

ನೆರೆಯವರೊಬ್ಬರು ಲ್ಯಾಕ್ಟೋಸ್ ಎಂದರು. ಅಂಗಡಿಯಿಂದ ಲ್ಯಾಕ್ಟೇಸಿನ ಹನಿಮದ್ದು ಬಂತು. ಹತ್ತು ದಿನ ಹಾಕಿದರೂ ರಕ್ತ ನಿಲ್ಲಲಿಲ್ಲ. “ಹಾಗಾದರೆ ನಿನ್ನ ಹಾಲೇ ಕೂಸಿಗೆ ಆಗುತ್ತಿಲ್ಲ, ಕೆಲವು ದಿನ ಮೊಲೆ ಬಿಡಿಸಮ್ಮ” ಎಂದು ಅತ್ತೆಯವರು ಹೇಳಿದ್ದರಿಂದ ಲ್ಯಾಕ್ಟೋಸ್ ಇಲ್ಲದ ಪುಡಿಹಾಲನ್ನು ತರಿಸಿ ಕೊಟ್ಟರು. ರಕ್ತವು ಹೆಚ್ಚಿತು, ಎರಡು ಸಲ ವಾಂತಿಯೂ ಆಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಥ ಪುಡಿಯಲ್ಲಿ ತೆಗೆದುಹಾಕಿರುವುದು ಸಕ್ಕರೆಯನ್ನು ಮಾತ್ರ. ಹಸುವಿನ ಹಾಲಿನ ಸಸಾರಜನಕವು ಅದರಲ್ಲಿ ಸಂಪೂರ್ಣವಾಗಿಯೇ ಇರುತ್ತದೆ. ತಾಯಿಯ ಹಾಲಿನ ಮೂಲಕ ಕಿಂಚಿತ್ತಾಗಿ ಬರುತ್ತಿದ್ದ ವಸ್ತು ಈಗ ಬಟ್ಟಲು ತುಂಬ ಬಂದಂತಾಯಿತು.

ಕಿಂಚಿತ್ತಾಗಿ ಬರುತ್ತಿದ್ದುದು ಹೇಗೆ? ತಾಯಿ ಉಂಡ ಹಾಲು ಮೊಸರುಗಳ ಸಸಾರಜನಕದಲ್ಲಿ ಅತ್ಯಲ್ಪ ಅಂಶವು ಜೀರ್ಣವಾಗದೆಯೇ ಅವಳ ರಕ್ತವನ್ನು ಸೇರಿ ಅಲ್ಲಿಂದ ಮೊಲೆಹಾಲಿಗೆ ಬರುತ್ತದೆ. ಬಹುತೇಕ ಕೂಸುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವಕ್ಕೆ ದೊಡ್ಡ ಕರುಳಿನ ಕೊನೆಯ ಭಾಗ ಕೆರಳಿ ಹೀಗೆ ರಕ್ತ ಒಸರುತ್ತದೆ. ನಮ್ಮ ಬಾಣಂತಿಯರ ಊಟದಲ್ಲಿ ಹಾಲು ತುಪ್ಪಗಳಿಗೆ ಕೊರತೆಯಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಮೊದಲೇ ವೈದ್ಯರಲ್ಲಿಗೆ ಹೋಗಿದ್ದರೆ ಹನಿಮದ್ದಿನ ಹತ್ತು ದಿನಗಳು ಉಳಿಯುತ್ತಿದ್ದುವು. ಏಕೆಂದರೆ ಮಲದಲ್ಲಿ ರಕ್ತ ಕಂಡಾಗ ಅಲರ್ಜಿಯೆಂದು ಮನೆಯಲ್ಲೇ ನಿಶ್ಚಯಿಸುವುದು ಸಲ್ಲದು. ಗುದದ್ವಾರದ ಸೀಳು, ರಕ್ತಭೇದಿ, ಕರುಳಿನೊಳಕ್ಕೆ ಕರುಳು ಸೇರಿಕೊಳ್ಳುವ ಅಪಾಯ, ಇವೆಲ್ಲವೂ ರಕ್ತವನ್ನು ತೋರಿಸುವುವು. ಕೂಸು ಬಿಟ್ಟುಬಿಟ್ಟು ಕಿರಿಚಿ ಕಾಲು ಮಡಿಸಿಕೊಂಡು, ನಡುವೆ ಮಂಕಾಗಿ ಬಿದ್ದು, ವಾಂತಿಮಾಡುತ್ತ, ಕೆಂಪು ಲೋಳೆಯಂಥ ಮಲವನ್ನು ಹಾಕಿದರೆ ಅದು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕಾದ ಪ್ರಸಂಗ.

ನಮ್ಮ ದೃಷ್ಟಾಂತದ ಕೂಸನ್ನು ಪರೀಕ್ಷಿಸಿದ ವೈದ್ಯರು ಅಂಥದೇನೂ ಇಲ್ಲವೆಂದು ಕಂಡು ತಾಯಿಗೆ ಹೀಗೆಂದರು: “ಅಮ್ಮಾ, ಪುಡಿಹಾಲನ್ನು ನಿಲ್ಲಿಸಿ ಮತ್ತೆ ನಿಮ್ಮ ಹಾಲನ್ನೇ ಕೊಡಿ. ಆದರೆ ಎರಡರಿಂದ ನಾಲ್ಕು ವಾರ ನೀವು ಹಾಲಿನ ಪದಾರ್ಥವನ್ನು ಸ್ವಲ್ಪವೂ ತಿನ್ನಕೂಡದು.” ಈ ಪಥ್ಯದಲ್ಲಿ ಜನ ಸಾಮಾನ್ಯವಾಗಿ ಎಡವುವುದು ಮೊಸರು ಮಜ್ಜಿಗೆಗಳ ವಿಷಯದಲ್ಲಿ. ಹೆಪ್ಪು ಹಾಕಿದಾಗ ಹಾಲುಸಕ್ಕರೆಯು ಸ್ವಲ್ಪಮಟ್ಟಿಗೆ ಕಡಮೆಯಾಗುವುದು ನಿಜ, ಸಸಾರಜನಕವು ಹಾಗೆಯೇ ಉಳಿಯುತ್ತದೆ. ಕಾಯಿಸಿದರೂ ಕೇಸೀನು ಸುಲಭವಾಗಿ ಅಳಿಯುವಂಥದಲ್ಲ. ಆದುದರಿಂದ ಕಾಫಿಯ ಹಾಲು, ಮೊಸರನ್ನ, ಮಜ್ಜಿಗೆಹುಳಿ, ಪೇಡೆ, ಗಿಣ್ಣು, ಹಾಲುಪುಡಿ ಸೇರಿದ ಬಿಸ್ಕತ್ತು, ಎಲ್ಲವೂ ಹೊರಗೆ. ತುಪ್ಪವು ಬಹುಪಾಲು ಕೊಬ್ಬೇ ಆದರೂ ಮನೆಯಲ್ಲಿ ಕಾಯಿಸಿದ ತುಪ್ಪದ ತಳದಲ್ಲಿ ಗಸಿಯಿರುತ್ತದೆಯಾದ ಕಾರಣ ಪರೀಕ್ಷೆಯ ವಾರಗಳಲ್ಲಿ ಅದೂ ಬೇಡ. ಸುಣ್ಣದ ಅಂಶಕ್ಕಾಗಿ ರಾಗಿ ಎಳ್ಳುಗಳನ್ನು ಹೆಚ್ಚಿಸಿ, ಅದು ಸಾಲದೆಂದು ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಗುಳಿಗೆಗಳನ್ನೂ ವೈದ್ಯರು ಬರೆದುಕೊಟ್ಟರು.

ನಾಲ್ಕನೆಯ ದಿನ ಕಣ್ಣಿಗೆ ಕಾಣುವ ರಕ್ತ ನಿಂತಿತು. ಎರಡು ವಾರಗಳಲ್ಲಿ ಲೋಳೆಯೂ ಹೋಯಿತು. ಇಲ್ಲಿಗೆ ಪರೀಕ್ಷೆ ಮುಗಿಯಲಿಲ್ಲವೆಂಬುದನ್ನು ಗಮನಿಸಬೇಕು. ಎಳೆಗೂಸಿನ ಇಂಥ ರಕ್ತವು ಎಷ್ಟೋ ಸಲ ತಾನಾಗಿಯೇ ನಿಲ್ಲುತ್ತದೆ. ಪಥ್ಯದಿಂದಲೇ ನಿಂತಿತೆಂದು ಹೇಳಲು ಆಧಾರ ಬೇಕು. ಆದಕಾರಣ ನಾಲ್ಕನೆಯ ವಾರದಲ್ಲಿ ವೈದ್ಯರ ಮಾತಿನಂತೆ ತಾಯಿ ಮತ್ತೆ ಮೊಸರನ್ನವನ್ನು ಉಂಡಳು. ಮೂರನೆಯ ದಿನ ರಕ್ತದ ಎಳೆ ಪುನಃ ಕಾಣಿಸಿತು. ಬಿಟ್ಟಾಗ ಹೋದುದು, ಕೊಟ್ಟಾಗ ಬಂದುದು, ಈಗ ನಿಶ್ಚಯವಾಯಿತು. ಈ ಎರಡನೆಯ ಹೆಜ್ಜೆಯನ್ನು ಬಿಟ್ಟುಬಿಡುವುದರಿಂದ ನಿಷ್ಕಾರಣವಾಗಿ ವರ್ಷಗಟ್ಟಲೆ ಪಥ್ಯದಲ್ಲಿ ಕೊರಗುವ ತಾಯಂದಿರು ಉಂಟು.

ಇನ್ನೊಂದು ಸಂಗತಿಯು ಲ್ಯಾಕ್ಟೋಸಿನ ವಾದವನ್ನು ಪೂರ್ತಿಯಾಗಿ ಮುರಿಯುತ್ತದೆ. ಮೊಲೆಹಾಲಿನ ಹಾಲುಸಕ್ಕರೆಯು ತಾಯಿಯ ಶರೀರದಲ್ಲೇ ತಯಾರಾಗುವಂಥದು. ಅವಳು ದಿನಕ್ಕೆ ಒಂದು ಸೇರು ಹಾಲು ಕುಡಿದರೂ, ಒಂದು ತೊಟ್ಟನ್ನೂ ಮುಟ್ಟದಿದ್ದರೂ ಅದು 100ಕ್ಕೆ 7ರ ಸುಮಾರಿನಲ್ಲೇ ನಿಲ್ಲುತ್ತದೆ. ಪಥ್ಯದ ನಾಲ್ಕು ವಾರವೂ ಕೂಸು ಅಷ್ಟೇ ಹಾಲುಸಕ್ಕರೆಯನ್ನು ಕುಡಿಯುತ್ತಲೇ ಗುಣವಾಯಿತು. ಲ್ಯಾಕ್ಟೋಸಿನ ದೋಷಕ್ಕೆ ತಾಯಿ ಹಾಲು ಬಿಡುವುದು ವ್ಯರ್ಥವೆಂಬುದೂ ಇದರಿಂದಲೇ ಸಿದ್ಧಿಸುತ್ತದೆ.

ಈ ಕೂಸಿನ ಅಲರ್ಜಿ ನಿಧಾನವಾದ ಬಗೆಯದು. ಗಂಟೆಗಳು, ಕೆಲವು ವೇಳೆ ದಿನಗಳು ಕಳೆದು ತೋರುವುದು. ತ್ವರಿತವಾದ ಬಗೆಯೊಂದಿದೆ, ಅದಕ್ಕೆ ಹೆಚ್ಚು ಹೆದರಬೇಕು. ಅನ್ನಪ್ರಾಶನದ ದಿನ ಹಾಲುಪಾಯಸದ ಒಂದು ಚಮಚ ನಾಲಗೆಗೆ ಮುಟ್ಟಿದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ, ಬಾಯಿಯ ಸುತ್ತ ಕೆಂಪೇರಿ, ಮೈಯೆಲ್ಲ ಗಂಧೆಯೆದ್ದು, ಕಣ್ಣು ತುಟಿಗಳು ಬಾತು, ಕೂಸು ಕಕ್ಕತೊಡಗುತ್ತದೆ. ಇದನ್ನು ಪಿತ್ತದ ಗಂಧೆಯೆಂದೋ ದೃಷ್ಟಿಯೆಂದೋ ಭಾವಿಸಿ ಕಾಯುತ್ತ ಕೂರಬಾರದು. ಉಸಿರು ಸುಯ್‌ಗುಟ್ಟಿದರೆ, ದನಿ ಕಟ್ಟಿದರೆ, ಮಗು ಬಿಳಿಚಿಕೊಂಡು ಜೋಲುಬಿದ್ದರೆ ಪ್ರಾಣಾಪಾಯವಿದೆ. ಕೂಡಲೆ ಆಸ್ಪತ್ರೆಯಲ್ಲಿ ಆಡ್ರಿನಲೀನ್ ಚುಚ್ಚುಮದ್ದು ಬೀಳಬೇಕು. ಈ ಬಗೆಗೆ ಕಾರಣವಾದ ‘ಐಜಿಇ’ ಎಂಬ ರಕ್ತದ ವಸ್ತುವನ್ನು ಅಮೆರಿಕದಲ್ಲಿ ಇಷಿಜಾಕ ದಂಪತಿಗಳೂ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬುವರೂ 1966–67ರ ಸುಮಾರಿಗೆ ಪ್ರತ್ಯೇಕವಾಗಿ ಕಂಡುಹಿಡಿದರು. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯೂ ರಕ್ತಪರೀಕ್ಷೆಯೂ ತೋರಿಸುವುದು ಈ ಐಜಿಇಯ ಲಕ್ಷಣವನ್ನೇ. ನಿಧಾನದ ಬಗೆಯಲ್ಲಿ ಅದರ ಪಾತ್ರವಿಲ್ಲವಾಗಿ ಆ ಪರೀಕ್ಷೆಗಳು ಏನನ್ನೂ ಹೇಳಲಾರವು. “ರಕ್ತದಲ್ಲಿ ಏನೂ ಕಾಣಲಿಲ್ಲ, ಆದ್ದರಿಂದ ಅಲರ್ಜಿಯಲ್ಲ” ಎಂಬ ನಿರ್ಣಯವು ಅಲ್ಲಿ ತಪ್ಪಾಗುತ್ತದೆ. ಇವೆರಡರ ನಡುವೆ ಮತ್ತೊಂದು ವಿಲಕ್ಷಣವಾದ ಬಗೆಯೂ ಉಂಟು: ಹಾಲು ಕುಡಿದು ಒಂದರಿಂದ ನಾಲ್ಕು ಗಂಟೆಯೊಳಗೆ ಮೇಲಿಂದ ಮೇಲೆ ವಾಂತಿಯಾಗಿ ಕೂಸು ಬಿಳಿಚಿ ಸೊರಗುತ್ತದೆ, ಗಂಧೆ ಮಾತ್ರ ಇರುವುದಿಲ್ಲ. ಇದನ್ನು ಹಾಲು ಕೆಟ್ಟಿತ್ತೆಂದು ತಳ್ಳಿಹಾಕುವವರೇ ಹೆಚ್ಚು. ಎರಡನೆಯ ಸಲ ಹಾಗಾದಾಗ ಸಂದೇಹ ಹುಟ್ಟುತ್ತದೆ.

ಹಾಗಾದರೆ ಕೂಸುಗಳಲ್ಲಿ ನಿಜವಾದ ಲ್ಯಾಕ್ಟೋಸ್ ದೋಷ ಯಾವಾಗ ಬರುವುದು? ಬಹುತೇಕ, ಭಾರಿಯಾದ ಭೇದಿಯ ಬೆನ್ನಿಗೆ. ಮೇಲೆ ಹೇಳಿದ ಕುಚ್ಚುಗಳ ತುದಿಯು ಭೇದಿಯಲ್ಲಿ ಸವೆದುಹೋಗುವುದರಿಂದ ಅಲ್ಲಿದ್ದ ಲ್ಯಾಕ್ಟೇಸೂ ಹೋಗುತ್ತದೆ. ಎಂಟು ತಿಂಗಳ ಮಗುವಿಗೆ ಐದಾರು ದಿನ ಭೇದಿಯಾಗಿ, ಜ್ವರವೂ ವಾಂತಿಯೂ ಇಳಿದ ಮೇಲೆ ಸಹ, ಪ್ರತಿಸಲ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ನೊರೆಯಾದ ಹುಳಿಮಲವು ಚಿಮ್ಮಿ ಹೋಗುತ್ತ ಆಸನ ಸುಲಿದಿದ್ದರೆ, ಇದೇ ಎಂದು ಊಹಿಸಬಹುದು. ಹಿಂದೆ ಹಾಲು ಚೆನ್ನಾಗಿ ಒಗ್ಗುತ್ತಿದ್ದುದು ಇದರ ಮುಖ್ಯ ಗುರುತು. ಆಗಲೂ ಮೊಲೆ ಬಿಡಿಸಬಾರದು, ಉಪ್ಪು-ಸಕ್ಕರೆಯ ಓ.ಆರ್.ಎಸ್. ನೀರು, ವೈದ್ಯರು ಹೇಳಿದಂತೆ ಸತುವಿನ ಔಷಧ, ಮೆತ್ತಗಿನ ಅನ್ನ, ಮಗು ತಿನ್ನುವುದಾದರೆ ಸ್ವಲ್ಪ ಮೊಸರು, ಇಷ್ಟರಿಂದ ಬಹುಮಟ್ಟಿಗೆ ಸರಿಹೋಗುತ್ತದೆ. ಬರಿಯ ಪುಡಿಹಾಲಿನ ಮೇಲೆಯೇ ಇರುವ ಮಗುವಿಗೆ ಭೇದಿ ಹಟ ಹಿಡಿದು ನಿಂತಾಗ ಲ್ಯಾಕ್ಟೋಸ್ ಇಲ್ಲದ ಪುಡಿಯನ್ನು ವೈದ್ಯರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವುದುಂಟು. ಕುಚ್ಚುಗಳು ಮತ್ತೆ ಚಿಗುರಿದೊಡನೆ ಅದರ ಅಗತ್ಯ ತೀರುತ್ತದೆ. ಮೊಸರು ಇಲ್ಲಿ ಔಷಧದಂತೆ, ಮೊದಲ ಕೂಸಿಗೆ ಅದೇ ವಿಷದಂತೆ!

ಮಲದ ಹುಳಿಯನ್ನೂ ಅದರಲ್ಲಿಯ ಸಕ್ಕರೆಯನ್ನೂ ಅಳೆದು ಲ್ಯಾಕ್ಟೋಸ್ ದೋಷವನ್ನು ಗುರುತಿಸುವ ಪರೀಕ್ಷೆಯಿದೆ. ಆದರೆ ಬರಿಯ ಮೊಲೆಹಾಲು ಕುಡಿಯುವ ಆರೋಗ್ಯವಂತ ಕೂಸಿನ ಮಲವೂ ಸ್ವಭಾವದಿಂದಲೇ ಹುಳಿ. ಅದರಲ್ಲಿ ಒಂದಿಷ್ಟು ಸಕ್ಕರೆಯೂ ಇರುತ್ತದೆ. ಮಗು ತೂಕ ಏರುತ್ತಿರುವಾಗ ಈ ಒಂದು ಕಾಗದವನ್ನು ನಂಬಿ ಮೊಲೆ ಬಿಡಿಸುವುದು ಅನ್ಯಾಯ.

ಅಲರ್ಜಿಯೆಂದು ತಿಳಿದ ಮನೆಯವರು ಬೇರೆ ಪ್ರಾಣಿಯ ಹಾಲನ್ನು ಹುಡುಕುವುದು ಸಹಜ. ಮೇಕೆಯ ಹಾಲಿನ ಸಸಾರಜನಕವು ಹಸುವಿನದನ್ನು ಬಹಳವಾಗಿ ಹೋಲುವುದರಿಂದ, ಹಸುವಿನ ಹಾಲು ಆಗದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅದೂ ಆಗದು. ಎಮ್ಮೆಯ ಹಾಲನ್ನೂ ನೆಚ್ಚಲಾಗದು. ಬೀದಿಯಲ್ಲಿ ಕೂಗುತ್ತ ಬರುವ ಕತ್ತೆಹಾಲಿನ ವಿಷಯ ವಿಚಿತ್ರವಾದುದು. ಅದರ ಸಸಾರಜನಕವು ಹಸುವಿನದಕ್ಕಿಂತ ಭಿನ್ನವಾಗಿದ್ದು ಅಲರ್ಜಿಯ ಮಕ್ಕಳಲ್ಲಿ ಅನೇಕರಿಗೆ ಒಗ್ಗುವುದುಂಟು. ಆದರೆ ಅದರಲ್ಲಿ ಕೊಬ್ಬು ತೀರ ಕಡಮೆ; ಹಸಿಯಾಗಿಯೇ ಒಳಲೆಯಲ್ಲಿ ಹಾಕುವುದರಿಂದ ರೋಗಾಣುಗಳ ಭಯ ಬೇರೆ. ಅಕ್ಕಿ ಬಾದಾಮಿಗಳ ‘ಹಾಲು’ ಕೂಸಿನ ಪೋಷಣೆಗೆ ಸಾಲದು. ತಾಯಿಯ ಹಾಲು ಇಲ್ಲದ ಪಕ್ಷದಲ್ಲಿ, ಸಸಾರಜನಕವನ್ನು ರಕ್ಷಣಾಶಕ್ತಿಯು ಗುರುತಿಸಲಾರದಷ್ಟು ಸಣ್ಣದಾಗಿ ಮೊದಲೇ ಒಡೆದಿಟ್ಟ ವಿಶೇಷ ಪುಡಿಗಳಿವೆ. ಅವು ಬೆಲೆಯಲ್ಲಿ ಹೆಚ್ಚು, ರುಚಿಯಲ್ಲಿ ಕಹಿ. ಸೋಯಾ ಅವರೆಯ ಪುಡಿಯು ಅಗ್ಗ, ಆದರೆ ಆರು ತಿಂಗಳೊಳಗಿನವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಕೆಲವು ಮಕ್ಕಳಿಗೆ ಅದೂ ಒಗ್ಗುವುದಿಲ್ಲ.

ನಮ್ಮ ದೃಷ್ಟಾಂತದ ಕೂಸಿಗೆ ಆರು ತಿಂಗಳಾದಾಗ ರಾಗಿಸರಿಯನ್ನು ಹಾಲಿನ ಬದಲು ನೀರಿನಲ್ಲಿ ಬೇಯಿಸಿ, ಮುಂದೆ ಬೇಳೆಕಟ್ಟು, ಬೆಂದ ತರಕಾರಿಗಳನ್ನು ಸೇರಿಸುತ್ತ ಹೋದರು. ತಾಯಿಯು ಪಥ್ಯದಲ್ಲಿದ್ದುಕೊಂಡೇ ಮೊಲೆಯೂಡುತ್ತಿದ್ದಳು. ಈ ಬಗೆಯ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷದ ಹೊತ್ತಿಗೆ, ಉಳಿದವರಲ್ಲಿ ಬಹುಮಂದಿ ಮೂರರೊಳಗೆ ಹಾಲಿಗೆ ಒಗ್ಗಿಕೊಳ್ಳುವರು. ಗಂಧೆಯೆದ್ದು ತೋರುವ ತ್ವರಿತದ ಬಗೆಯು ಮಾತ್ರ ಇನ್ನೂ ಕೆಲವು ವರ್ಷ ಉಳಿಯಬಹುದು, ಅಂಥವರಿಗೆ ಹಾಲನ್ನು ಮತ್ತೆ ಕೊಟ್ಟುನೋಡುವ ಪ್ರಯತ್ನವು ಆಸ್ಪತ್ರೆಯಲ್ಲಿ ಅಲ್ಲದೆ ಮನೆಯಲ್ಲಿ ನಡೆಯಕೂಡದು. ಇವಳಿಗೆ ಹನ್ನೆರಡು ತಿಂಗಳು ತುಂಬಿದ ಮೇಲೆ ವೈದ್ಯರ ಸಲಹೆಯಂತೆ ತಾಯಿ ಮೊದಲು ತಾನು ಮೊಸರನ್ನುಂಡು ಒಂದು ವಾರ ನೋಡಿದಳು, ಏನೂ ಆಗಲಿಲ್ಲ. ಆ ಮೇಲೆ ಹಾಲು ಹಾಕಿ ಚೆನ್ನಾಗಿ ಬೇಯಿಸಿದ ಬಿಸ್ಕತ್ತಿನ ಚೂರು, ಮತ್ತೆ ಕೆಲವು ದಿನಗಳಿಗೆ ಒಂದು ಚಮಚ ಮೊಸರು, ಕಡೆಗೆ ಕಾಯಿಸಿ ಆರಿಸಿದ ಹಾಲು ಒಂದು ಒಳಲೆಯಷ್ಟು. ಪ್ರತಿದಿನವೂ ಮಲವನ್ನು ನೋಡಿದರು. ರಕ್ತ ಕಾಣಲಿಲ್ಲ.